ರೀಲ್ ಹೇಳಿದ್ದನ್ನೇ ಕ್ಯಾಪ್ಶನ್ ಯಾಕೆ ಹೇಳಬೇಕು?

ಕಳೆದ ಬೇಸಿಗೆಯಲ್ಲಿ ನನ್ನ ಚಿಕ್ಕಮ್ಮ ಇನ್‌ಸ್ಟಾಗ್ರಾಂನಲ್ಲಿ ಸಾರಿನ ಪುಡಿಯ ರೀಲ್ ಹಾಕಿದರು. 42 ಸೆಕೆಂಡಿನ ವಿಡಿಯೋ. ಬಾಣಲೆಯಲ್ಲಿ ಧನಿಯ ಹುರಿಯುವ ಸದ್ದು, ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ಕೊನೆಗೆ ನೊರೆ ಉಕ್ಕುವ ಸಾರು. ಚೆನ್ನಾಗಿಯೇ ಬಂದಿತ್ತು. ಕೆಳಗೆ ಕ್ಯಾಪ್ಶನ್ ಬರೆಯಲು ಅವರು ಅರ್ಧ ಗಂಟೆ ಕೂತಿದ್ದರಂತೆ. ವಿಡಿಯೋದಲ್ಲಿ ಮಾತಾಡಿದ್ದನ್ನೆಲ್ಲ ಒಂದು ಪದವೂ ಬಿಡದೆ ಟೈಪ್ ಮಾಡಿದ್ದರು.

ಎರಡು ದಿನದ ಮೇಲೆ ಫೋನ್ ಬಂತು. "ಅಷ್ಟುದ್ದ ಬರೆದಿದ್ದೀನಿ ಕಣೋ, ಒಬ್ಬರಾದ್ರೂ ಓದಿದ್ರಾ? ಎಲ್ಲರೂ ಅಳತೆ ಎಷ್ಟು, ಅಳತೆ ಎಷ್ಟು ಅಂತಾನೇ ಕೇಳ್ತಿದ್ದಾರೆ."

ಕಾಮೆಂಟುಗಳನ್ನು ನೋಡಿದೆ. ಅಳತೆ ಕೇಳಿದವರೇ ಜಾಸ್ತಿ. ಎಷ್ಟು ದಿನ ಕೆಡದೆ ಇರುತ್ತೆ ಅಂತ ಇಬ್ಬರು ಕೇಳಿದ್ದರು. ಒಬ್ಬರು ಬರೆದಿದ್ದರು: "ಅಕ್ಕ, ನೀವು ಹೇಳಿದ ಹಾಗೇ ಮಾಡಿದೆ, ಪುಡಿ ಕಹಿ ಬಂತು." ಆಮೇಲೆ ಕ್ಯಾಪ್ಶನ್ ಓದಿದೆ. ಇದರಲ್ಲಿ ಒಂದು ಪ್ರಶ್ನೆಗೂ ಅಲ್ಲಿ ಉತ್ತರ ಇರಲಿಲ್ಲ. ಇರುವುದಾದರೂ ಹೇಗೆ? ವಿಡಿಯೋದಲ್ಲಿ ಅಳತೆ ಸರಿಯಾಗಿ ಹೇಳಿರಲಿಲ್ಲ. ಕ್ಯಾಪ್ಶನ್ ವಿಡಿಯೋದ ನಕಲು. ಹಾಗಾಗಿ ಅಲ್ಲೂ ಇಲ್ಲ.

ಈಗ ಹಪ್ಪಳ ಮಾರುವವರು, ಸೀರೆ ಅಂಗಡಿಯವರು, ಟ್ಯೂಷನ್ ಮೇಷ್ಟ್ರು, ನರ್ಸರಿ ಇಟ್ಟವರು ಎಲ್ಲರೂ ರೀಲ್ ಮಾಡುತ್ತಿದ್ದಾರೆ. ಹೆಚ್ಚಿನವರ ಕ್ಯಾಪ್ಶನ್ ಒಂದೋ ಮಾತಿನ ನಕಲು, ಇಲ್ಲವೇ ಎರಡು ಹೃದಯದ ಚಿಹ್ನೆ. ಆ ಜಾಗಕ್ಕೆ ಬೇರೆಯದೇ ಕೆಲಸ ಇದೆ. ಅದು ಏನು ಅಂತ ಈ ಸಾರಿನ ಪುಡಿಯನ್ನೇ ಇಟ್ಟುಕೊಂಡು ನೋಡೋಣ.

## ಯಾವುದಕ್ಕೆ ಕ್ಯಾಪ್ಶನ್ ಅನ್ನುತ್ತಿದ್ದೇವೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಒಂದು ರೀಲ್‌ನಲ್ಲಿ ಮೂರು ಥರದ ಬರಹ ಇರಬಹುದು. ಮೂರಕ್ಕೂ ಜನ ಕ್ಯಾಪ್ಶನ್ ಅಂತಲೇ ಅನ್ನುತ್ತಾರೆ.

ಮಾತಾಡಿದ ಹಾಗೇ ತೆರೆಯ ಮೇಲೆ ಅಕ್ಷರವಾಗಿ ಓಡುವುದು ಸಬ್‌ಟೈಟಲ್. ವಿಡಿಯೋ ಮೇಲೆ ದಪ್ಪಕ್ಷರದಲ್ಲಿ ಅಂಟಿಸುವ "ಹುರಿಯುವಾಗ ಈ ತಪ್ಪು ಮಾಡಬೇಡಿ" ಎಂಬಂಥ ಸಾಲು ತೆರೆಬರಹ. ಮೂರನೆಯದು ವಿಡಿಯೋದ ಹೊರಗೆ, ಖಾತೆಯ ಹೆಸರಿನ ಕೆಳಗೆ ಬರುವ ಬರಹ. ಮೊದಲ ಸಾಲು ಮಾತ್ರ ಕಾಣುತ್ತದೆ, ಒತ್ತಿದರೆ ಉಳಿದದ್ದು ಬಿಚ್ಚಿಕೊಳ್ಳುತ್ತದೆ. ಈ ಲೇಖನದಲ್ಲಿ ಕ್ಯಾಪ್ಶನ್ ಅಂದರೆ ಈ ಮೂರನೆಯದು ಮಾತ್ರ.

ಯಾಕೆ ಇಷ್ಟು ಬಿಡಿಸಿ ಹೇಳಬೇಕು ಅಂದರೆ, ಸಬ್‌ಟೈಟಲ್‌ನ ಕೆಲಸವೇ ಮಾತನ್ನು ಹಾಗೇ ಮತ್ತೆ ಹೇಳುವುದು. ಕಿವಿ ಕೇಳಿಸದವರಿಗೆ, ಬಸ್ಸಿನಲ್ಲಿ ಸದ್ದು ಮುಚ್ಚಿ ನೋಡುವವರಿಗೆ, ಕನ್ನಡ ಈಗಷ್ಟೇ ಕಲಿಯುತ್ತಿರುವವರಿಗೆ ಅದು ಬೇಕೇ ಬೇಕು. ಚಿತ್ರಗೀತೆ ಬರುವಾಗ ಅದೇ ಭಾಷೆಯಲ್ಲಿ ಸಾಹಿತ್ಯವನ್ನೂ ತೋರಿಸಿದರೆ ಓದು ಮರೆತವರಿಗೆ ಅಕ್ಷರ ಮತ್ತೆ ಕೈಗೆ ಹತ್ತುತ್ತದೆ ಎಂದು ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ 1990ರ ದಶಕದಿಂದಲೇ ಹೇಳುತ್ತಾ ಬಂದಿದ್ದಾರೆ. ಹಾಗಾಗಿ ಮಾತನ್ನೇ ಬರೆಯುವುದು ತಪ್ಪಲ್ಲ. ಅದಕ್ಕೆ ಜಾಗ ತೆರೆಯ ಮೇಲಿದೆ, ಕೆಳಗಲ್ಲ. ಕ್ಯಾಪ್ಶನ್‌ನಲ್ಲಿ ಮಾತಿನ ನಕಲು ಹಾಕಿದರೆ ಅದು ಸಬ್‌ಟೈಟಲ್ ಆಗುವುದಿಲ್ಲ. ಯಾವ ಪದ ಯಾವ ಕ್ಷಣಕ್ಕೆ ಸೇರಿದ್ದು ಅಂತ ಅಲ್ಲಿ ಗೊತ್ತಾಗುವುದಿಲ್ಲವಲ್ಲ.

## ಒಂದೇ ಮಾತು ಕಿವಿಗೂ ಕಣ್ಣಿಗೂ

ರೀಲ್ ನೋಡುತ್ತಾ ಯಾರಾದರೂ ಕ್ಯಾಪ್ಶನ್ ಬಿಚ್ಚಿದರು ಅಂದುಕೊಳ್ಳಿ. ವಿಡಿಯೋ ನಿಲ್ಲುವುದಿಲ್ಲ. ಹಿಂದೆ ಅದು ಓಡುತ್ತಲೇ ಇರುತ್ತದೆ, ಮುಗಿದರೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಚಿಕ್ಕಮ್ಮನ ದನಿ "ಈಗ ಮೆಣಸಿನಕಾಯಿ ಹಾಕೋಣ" ಅನ್ನುತ್ತಿದೆ, ಕಣ್ಣು ಮಾತ್ರ "ಮೊದಲು ಧನಿಯ ಹುರಿದುಕೊಳ್ಳಿ" ಅನ್ನುವ ಸಾಲಿನಲ್ಲಿದೆ. ಎರಡೂ ಒಂದೇ ವಿಷಯ, ಆದರೆ ಬೇರೆ ಬೇರೆ ಜಾಗದಲ್ಲಿವೆ. ಒಂದೇ ಹಾಡನ್ನು ಇಬ್ಬರು ಒಬ್ಬರ ಹಿಂದೆ ಒಬ್ಬರು ಶುರು ಮಾಡಿದ ಹಾಗೆ. ಓದುವವರು ಒಂದನ್ನು ಬಿಡಲೇಬೇಕು. ಇದು ಆಗಲೇ ಕೇಳಿದ್ದು ಅಂತ ಗೊತ್ತಾದ ತಕ್ಷಣ ಬಿಡುವುದು ಓದನ್ನೇ.

ಕಲಿಕೆಯನ್ನು ಅಧ್ಯಯನ ಮಾಡುವವರು ಇದರ ಹತ್ತಿರದ್ದೊಂದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಮಿಂಚು ಹೇಗೆ ಉಂಟಾಗುತ್ತದೆ ಎಂಬ ಅನಿಮೇಷನ್ ಅನ್ನು ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿದರು. ಕೆಲವರಿಗೆ ಚಿತ್ರ ಮತ್ತು ದನಿ. ಉಳಿದವರಿಗೆ ಚಿತ್ರ, ದನಿ, ಜೊತೆಗೆ ದನಿ ಹೇಳುವುದೇ ತೆರೆಯ ಮೇಲೆ ಬರಹವಾಗಿ. ಬರಹ ಜಾಸ್ತಿ ಸಿಕ್ಕವರಿಗೆ ಜಾಸ್ತಿ ಅರ್ಥವಾಗಬೇಕಿತ್ತು ಅಲ್ವಾ? ಆದದ್ದು ಉಲ್ಟಾ. ಕಣ್ಣು ಚಿತ್ರಕ್ಕೂ ಅಕ್ಷರಕ್ಕೂ ಹಂಚಿಹೋಯಿತು, ಎರಡೂ ಸರಿಯಾಗಿ ದಕ್ಕಲಿಲ್ಲ. ಆ ಪ್ರಯೋಗ ರೀಲ್ ಕ್ಯಾಪ್ಶನ್ ಬಗ್ಗೆ ಮಾಡಿದ್ದಲ್ಲ. ದನಿಯ ಭಾಷೆ ಚೆನ್ನಾಗಿ ಬರದವರಿಗೂ ಈ ಮಾತು ಹಾಗೇ ಒಪ್ಪುವುದಿಲ್ಲ. ಆದರೆ ಕಿವಿಗೆ ಕೊಟ್ಟದ್ದನ್ನೇ ಕಣ್ಣಿಗೂ ಕೊಟ್ಟರೆ ಎರಡು ಪಟ್ಟು ಲಾಭ ಅನ್ನುವ ಲೆಕ್ಕ ಸರಿಯಿಲ್ಲ ಅನ್ನುವುದು ಅದರಿಂದ ಗೊತ್ತಾಗುತ್ತದೆ.

## ಓಡುವ ಮಾತು, ನಿಂತ ಅಕ್ಷರ

ಹಾಗಾದರೆ ಏನು ಬರೆಯಬೇಕು? ಇದಕ್ಕೆ ನನಗೆ ಹೊಳೆದಿರುವ ಉತ್ತರ ಸರಳ. ಮಾತು ಓಡುತ್ತದೆ, ಅಕ್ಷರ ನಿಲ್ಲುತ್ತದೆ.

ಅಡುಗೆಮನೆಯನ್ನೇ ನೆನಪು ಮಾಡಿಕೊಳ್ಳಿ. ಅಮ್ಮನ ಪಕ್ಕ ನಿಂತು ನೋಡಿದಾಗ ಧನಿಯ ಯಾವ ಬಣ್ಣಕ್ಕೆ ತಿರುಗಿದರೆ ಇಳಿಸಬೇಕು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಅದನ್ನು ಚೀಟಿಯಲ್ಲಿ ಬರೆಯಲು ಹೊರಟರೆ ಪುಟ ತುಂಬಿದರೂ ಬಣ್ಣ ಸಿಗುವುದಿಲ್ಲ. ಅದೇ ಅಳತೆಯನ್ನು ಅಮ್ಮ ಬಾಯಲ್ಲಿ ಹೇಳಿದರೆ ಮನೆಗೆ ಹೋಗುವಷ್ಟರಲ್ಲಿ ಮರೆತಿರುತ್ತದೆ. ಅದಕ್ಕೇ ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಳ್ಳುತ್ತಿದ್ದರು. ನೋಡಿ ಕಲಿಯುವುದು ಒಂದು, ಬರೆದಿಟ್ಟುಕೊಳ್ಳುವುದು ಇನ್ನೊಂದು. ವಿಡಿಯೋ ಅಮ್ಮನ ಪಕ್ಕದ ಜಾಗ, ಕ್ಯಾಪ್ಶನ್ ಕ್ಯಾಲೆಂಡರ್ ಹಾಳೆ.

ಬಣ್ಣ, ಸದ್ದು, ಕೈಯ ವೇಗ, ಮುಖದ ಭಾವ ಇವೆಲ್ಲ ವಿಡಿಯೋದ ಪಾಲು. ಅಂಕಿ, ಹೆಸರು, ಊರು, ದಿನಾಂಕ, ಬೆಲೆ, ಬದಲಿಗೆ ಏನು ಹಾಕಬಹುದು ಎಂಬ ಮಾತು, ಕೆಟ್ಟರೆ ಯಾಕೆ ಕೆಟ್ಟಿತು ಎಂಬ ಕಾರಣ ಇವು ಕ್ಯಾಪ್ಶನ್‌ನ ಪಾಲು. ಬರೆಯುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ನೋಡಿದವರು ನಾಳೆ ಬೆಳಿಗ್ಗೆ ಯಾವುದಕ್ಕೋಸ್ಕರ ಈ ರೀಲ್‌ಗೆ ವಾಪಸ್ ಬರುತ್ತಾರೆ?

## ಸಾರಿನ ಪುಡಿಗೆ ವಾಪಸ್

ಚಿಕ್ಕಮ್ಮನ ಹಳೆ ಕ್ಯಾಪ್ಶನ್ ಶುರುವಾಗುತ್ತಿದ್ದದ್ದು ಹೀಗೆ:

"ನಮಸ್ಕಾರ ಸ್ನೇಹಿತರೇ, ಇವತ್ತು ನಾವು ಮನೆಯಲ್ಲೇ ಸಾರಿನ ಪುಡಿ ಮಾಡೋದು ಹೇಗೆ ಅಂತ ನೋಡೋಣ ಬನ್ನಿ. ಮೊದಲು ಧನಿಯ ಘಮ ಬರೋವರೆಗೂ ಹುರಿದುಕೊಳ್ಳಿ. ಆಮೇಲೆ ಒಂದು ಚಮಚ ಮೆಂತ್ಯ ಹಾಕಿ..."

ಅಲ್ಲೇ ನಿಲ್ಲಿ. ಒಂದು ಚಮಚ ಅಂದರೆ ಯಾವ ಚಮಚ? ಚಿಕ್ಕಮ್ಮನ ಕೈಯಲ್ಲಿದ್ದದ್ದು ಒಗ್ಗರಣೆ ಡಬ್ಬಿಯ ಪುಟ್ಟ ಚಮಚ. ಆದರೆ ಆ ಹೊತ್ತಿಗೆ ಕ್ಯಾಮೆರಾ ಬಾಣಲೆಯ ಮೇಲಿತ್ತು, ಚಮಚ ಕಂಡೇ ಇಲ್ಲ. ಕಹಿ ಬಂತು ಅಂದವರನ್ನು ಕೇಳಿದಾಗ ಅವರು ಊಟದ ದೊಡ್ಡ ಚಮಚದಲ್ಲಿ ಹಾಕಿದ್ದು ಗೊತ್ತಾಯಿತು. ಹೆಚ್ಚು ಕಡಿಮೆ ಮೂರು ಪಟ್ಟು ಮೆಂತ್ಯ. ಕಹಿಯಾಗದೆ ಇನ್ನೇನಾಗುತ್ತೆ?

ನಕಲು ಕ್ಯಾಪ್ಶನ್‌ನ ದೊಡ್ಡ ತೊಂದರೆ ಇದು. ಮಾತಿನಲ್ಲಿ ಮಸುಕಾಗಿದ್ದದ್ದು ಬರಹದಲ್ಲೂ ಅಷ್ಟೇ ಮಸುಕಾಗಿ ಉಳಿಯುತ್ತದೆ. ಮಾತಾಡುವಾಗ ನಾವು "ಸ್ವಲ್ಪ", "ಒಂದು ಹಿಡಿ", "ಒಂದು ಚಮಚ" ಅನ್ನುವುದು ಸಹಜ. ಎದುರಿಗೆ ಇರುವವರಿಗೆ ಕೈ ಕಾಣುತ್ತದೆ. ಓದುವವರಿಗೆ ಆ ಕೈ ಇಲ್ಲ.

ಇಬ್ಬರೂ ಕೂತು ಹೊಸದಾಗಿ ಬರೆದೆವು. ಮೊದಲು ನಾನು ಅವರ ಮಾತನ್ನು ಕಾಗದದ ಮೇಲೆ ಇಳಿಸಿ, ಕೇಳಿಯೇ ಅರ್ಥವಾಗುವುದನ್ನೆಲ್ಲ ಹೊಡೆದು ಹಾಕಿದೆ. ಆಮೇಲೆ ಕಾಮೆಂಟಿನ ಪ್ರಶ್ನೆಗಳನ್ನು ಪಕ್ಕದಲ್ಲಿ ಬರೆದುಕೊಂಡೆ. ಕ್ಯಾಪ್ಶನ್ ಬಂದದ್ದು ಆ ಪ್ರಶ್ನೆಗಳಿಂದ:

"ಸಾರಿನ ಪುಡಿ ಕಹಿಯಾಯ್ತಾ? ತಪ್ಪು ಮೆಂತ್ಯದ್ದು.

ಧನಿಯ 1 ಕಪ್
ಬ್ಯಾಡಗಿ ಮೆಣಸಿನಕಾಯಿ 25
ಜೀರಿಗೆ ¼ ಕಪ್
ಕಾಳುಮೆಣಸು 1 ದೊಡ್ಡ ಚಮಚ
ಮೆಂತ್ಯ 1 ಚಿಕ್ಕ ಚಮಚ (ಟೀ ಚಮಚ!)
ಸಾಸಿವೆ 1 ಚಿಕ್ಕ ಚಮಚ
ಕರಿಬೇವು 2 ಎಸಳು
ಇಂಗು, ಅರಿಶಿನ ಅರ್ಧರ್ಧ ಚಿಕ್ಕ ಚಮಚ

ಬ್ಯಾಡಗಿ ಕೊಡೋದು ಬಣ್ಣ. ಖಾರ ಬೇಕಿದ್ರೆ 5 ಗುಂಟೂರು ಮೆಣಸಿನಕಾಯಿ ಸೇರಿಸಿ.
ಕರಿಬೇವು ಮುರಿದ್ರೆ ಚಟ್ ಅನ್ನಬೇಕು. ತೇವ ಉಳಿದ್ರೆ ಪುಡಿ ಬೇಗ ಕೆಡುತ್ತೆ.
ಪೂರ್ತಿ ಆರಿದ ಮೇಲೇ ಮಿಕ್ಸಿಗೆ. ಬಿಸಿಯಲ್ಲಿ ಹಾಕಿದ್ರೆ ಗಂಟು ಕಟ್ಟುತ್ತೆ.
ನಾಲ್ಕು ಜನರ ಸಾರಿಗೆ 2 ಚಿಕ್ಕ ಚಮಚ ಪುಡಿ ಸಾಕು.
ಒಣ ಡಬ್ಬಿ, ಒಣ ಚಮಚ ಇದ್ರೆ ಎರಡು ತಿಂಗಳು ಘಮ ಹಾಗೇ ಇರುತ್ತೆ.

ನಿಮ್ಮ ಮನೇಲಿ ಸಾರಿಗೆ ಬೆಳ್ಳುಳ್ಳಿ ಹಾಕ್ತೀರಾ?"

ಇದರಲ್ಲಿ "ಧನಿಯ ಘಮ ಬರೋವರೆಗೂ ಹುರಿಯಿರಿ" ಅನ್ನುವ ಮಾತೇ ಇಲ್ಲ. ಅದು ವಿಡಿಯೋದಲ್ಲಿದೆ, ಬಣ್ಣದ ಸಮೇತ ಇದೆ. ಅಲ್ಲಿ ಇಲ್ಲದ್ದು ಇಲ್ಲಿದೆ. ಅಳತೆಗಳು ಒಂದರ ಕೆಳಗೆ ಒಂದು ಇರುವುದಕ್ಕೂ ಕಾರಣ ಇದೆ. ಒಲೆ ಮುಂದೆ ನಿಂತವರು ಓದುವುದಿಲ್ಲ, ಹುಡುಕುತ್ತಾರೆ. ಜೀರಿಗೆ ಎಷ್ಟು ಅಂತ ಕಣ್ಣು ಹಾಯಿಸಿದರೆ ಸಿಗಬೇಕು. ಒಂದೇ ಉದ್ದ ಪ್ಯಾರಾದಲ್ಲಿ ಇದ್ದರೆ ಒದ್ದೆ ಬೆರಳಲ್ಲಿ ಮೇಲೆ ಕೆಳಗೆ ಎಳೆಯುತ್ತಾ ಇರಬೇಕಾಗುತ್ತದೆ.

ಕೊನೆಯ ಬೆಳ್ಳುಳ್ಳಿ ಪ್ರಶ್ನೆ ಚಿಕ್ಕಮ್ಮನದೇ. "ಇಷ್ಟವಾಯ್ತಾ, ಕಾಮೆಂಟ್ ಮಾಡಿ" ಅಂದರೆ ಯಾರಿಗೂ ಬರೆಯಲು ಏನೂ ಇರುವುದಿಲ್ಲ. ಬೆಳ್ಳುಳ್ಳಿ ಅಂದರೆ ಎಲ್ಲರ ಮನೆಯಲ್ಲೂ ಒಂದು ಅಭಿಪ್ರಾಯ ಇದ್ದೇ ಇರುತ್ತದೆ.

ಇನ್ನೊಂದು ಉಪಯೋಗವೂ ಆಗ ಗೊತ್ತಾಯಿತು. ಇನ್‌ಸ್ಟಾಗ್ರಾಂನಲ್ಲಿ ಒಮ್ಮೆ ಹಾಕಿದ ವಿಡಿಯೋವನ್ನು ಬದಲಿಸಲು ಬರುವುದಿಲ್ಲ. ಅಳಿಸಿ ಮತ್ತೆ ಹಾಕಿದರೆ ಹಳೆ ಕಾಮೆಂಟು, ಲೈಕು ಎಲ್ಲ ಹೋಗುತ್ತದೆ. ಕ್ಯಾಪ್ಶನ್ ಅನ್ನು ಮಾತ್ರ ಯಾವಾಗ ಬೇಕಾದರೂ ತಿದ್ದಬಹುದು. ಬಾಯಿ ತಪ್ಪಿ ಹೇಳಿದ್ದನ್ನು ಸರಿಮಾಡಲು ಇರುವ ಮುಖ್ಯ ಜಾಗ ಅದು. ಆದರೆ ಸುಮ್ನೆ ಸರಿಯಾದ ಅಂಕಿ ಹಾಕಿಬಿಟ್ಟರೆ ಸಾಲದು. ವಿಡಿಯೋ ಒಂದು ಹೇಳಿ ಕ್ಯಾಪ್ಶನ್ ಇನ್ನೊಂದು ಹೇಳಿದರೆ ನೋಡುವವರು ಯಾವುದನ್ನು ನಂಬಬೇಕು? "ವಿಡಿಯೋದಲ್ಲಿ ಚಮಚ ಅಂದದ್ದು ಟೀ ಚಮಚ" ಅಂತ ಬಿಡಿಸಿಯೇ ಹೇಳಬೇಕು. ನಾವು ಅದನ್ನು ಒಂದು ಕಾಮೆಂಟಾಗಿಯೂ ಬರೆದು ಮೇಲೆ ಪಿನ್ ಮಾಡಿದೆವು.

## ಮೊದಲ ಸಾಲಿನ ಬೆಲೆ

ಇನ್‌ಸ್ಟಾಗ್ರಾಂ ಕ್ಯಾಪ್ಶನ್‌ಗೆ 2,200 ಅಕ್ಷರಗಳ ಮಿತಿ ಇದೆ. ಸಾರಿನ ಪುಡಿಗೆ ಧಾರಾಳವಾಯಿತು. ನಿಜವಾದ ಇಕ್ಕಟ್ಟು ಬೇರೆ ಕಡೆ ಇದೆ. ರೀಲ್ ಓಡುವಾಗ ಕಾಣುವುದು ಮೊದಲ ಸಾಲಿನ ಚೂರು ಮಾತ್ರ. ಕನ್ನಡದಲ್ಲಿ ಬರೆದರೆ ಸಾಮಾನ್ಯವಾಗಿ ಐದಾರು ಪದ, ಫೋನಿನ ಅಗಲ ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ. ಉಳಿದದ್ದು more ಹಿಂದೆ ಮುಚ್ಚಿಹೋಗುತ್ತದೆ.

"ನಮಸ್ಕಾರ ಸ್ನೇಹಿತರೇ, ಇವತ್ತು ನಾವು ಮನೆಯಲ್ಲೇ" ಅನ್ನುವಷ್ಟಕ್ಕೇ ಆ ಜಾಗ ಮುಗಿಯಿತು. ನಮಸ್ಕಾರವನ್ನು ಚಿಕ್ಕಮ್ಮ ಆಗಲೇ ಬಾಯಲ್ಲಿ ಹೇಳಿ ಆಗಿದೆ. ಹೊಸ ಸಾಲು "ಸಾರಿನ ಪುಡಿ ಕಹಿಯಾಯ್ತಾ? ತಪ್ಪು ಮೆಂತ್ಯದ್ದು." ಇದರಲ್ಲಿ ವಿಡಿಯೋ ಏನು ಅಂತ ಗೊತ್ತಾಗುತ್ತದೆ, ವಿಡಿಯೋ ಹೇಳದ ಒಂದು ವಿಷಯವೂ ಇದೆ. ಒಳಗೆ ಇನ್ನೂ ಇದೆ ಅನ್ನುವ ಸುಳಿವೂ ಸಿಗುತ್ತದೆ. "ಕೊನೆವರೆಗೂ ನೋಡಿ, ಶಾಕ್ ಆಗ್ತೀರಾ" ಅಂತ ಬರೆಯುವುದೂ ಉಂಟು. ಬಿಚ್ಚಿ ನೋಡಿದಾಗ ಒಳಗೆ ಏನೂ ಇಲ್ಲ ಅಂದರೆ ಮುಂದಿನ ಸಲ ಯಾರೂ ಬಿಚ್ಚುವುದಿಲ್ಲ.

ಹುಡುಕುವವರಿಗೂ ಈ ಬರಹ ಬೇಕು. ಬರಹದಲ್ಲಿರುವ ಪದಗಳು ಹುಡುಕಾಟಕ್ಕೆ ಸಹಾಯವಾಗುತ್ತವೆ, ಅವನ್ನು ಕಾಮೆಂಟಿನಲ್ಲಿ ಅಲ್ಲ, ಕ್ಯಾಪ್ಶನ್‌ನಲ್ಲೇ ಹಾಕಿ ಎಂದು ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಕನ್ನಡದವರೇ ಎಷ್ಟೋ ಜನ ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲಿ saarina pudi ಅಂತಲೋ rasam powder ಅಂತಲೋ ಒತ್ತುತ್ತಾರೆ. ಕ್ಯಾಪ್ಶನ್‌ನ ಕೊನೆಯಲ್ಲಿ ಆ ಎರಡು ಹೆಸರನ್ನೂ ಒಂದೊಂದು ಸಲ ಹಾಕಿದರೆ ಸಾಕು. ಸಂಬಂಧವಿಲ್ಲದ ಹ್ಯಾಶ್‌ಟ್ಯಾಗ್‌ಗಳ ಮೂಟೆ ಬೇಡ.

## ಮಾತೇ ಇಲ್ಲದ ರೀಲ್‌ಗೆ

ಎಲ್ಲ ರೀಲ್‌ನಲ್ಲೂ ಮಾತಿರುವುದಿಲ್ಲ. ಯಕ್ಷಗಾನದ ಅರ್ಧ ನಿಮಿಷದ ತುಣುಕು ನೋಡಿ. ಚೆಂಡೆ, ಕುಣಿತ, ಬಣ್ಣ ಎಲ್ಲ ವಿಡಿಯೋದಲ್ಲೇ ಇದೆ. "ಅದ್ಭುತ ಕುಣಿತ" ಅಂತ ಬರೆದರೆ ಕಣ್ಣಿಗೆ ಕಂಡದ್ದನ್ನೇ ಮತ್ತೆ ಹೇಳಿದ ಹಾಗಾಯಿತು. ಮಾತನ್ನು ನಕಲು ಮಾಡುವುದರ ಇನ್ನೊಂದು ರೂಪ ಇದು. ಯಾವ ಪ್ರಸಂಗ, ಇದು ಯಾರ ಪಾತ್ರ, ತೆಂಕುತಿಟ್ಟಿನ ಶೈಲಿಯೋ ಬಡಗುತಿಟ್ಟಿನದೋ, ಕತೆಯಲ್ಲಿ ಈ ಕ್ಷಣಕ್ಕೆ ಮುಂಚೆ ಏನಾಗಿದೆ, ಆಟ ಎಲ್ಲಿ ಯಾವತ್ತು ನಡೆಯಿತು, ಇದನ್ನು ಬರೆದರೆ ದುಬೈಯಲ್ಲಿ ಕೂತು ನೋಡುವ ಕುಂದಾಪುರದ ಹುಡುಗನಿಗೂ, ಯಕ್ಷಗಾನವನ್ನೇ ನೋಡಿರದ ಬೀದರಿನವರಿಗೂ ಅದೇ ಅರ್ಧ ನಿಮಿಷ ಬೇರೆ ಥರ ಕಾಣುತ್ತದೆ.

ತಮಾಷೆಯ ರೀಲ್‌ಗೆ ಲೆಕ್ಕ ಉಲ್ಟಾ. ಅಲ್ಲಿ ಕ್ಯಾಪ್ಶನ್ ಕಡಿಮೆ ಹೇಳಿದಷ್ಟೂ ಒಳ್ಳೆಯದು. ನಗು ಬರುವ ಮಾತನ್ನು ಮೊದಲ ಸಾಲಿನಲ್ಲೇ ಹಾಕಿದರೆ ವಿಡಿಯೋ ನೋಡುವ ಮುಂಚೆಯೇ ಗುಟ್ಟು ರಟ್ಟು.

## ಎಲ್ಲಿ ಎರಡು ಸಲ ಹೇಳಲೇಬೇಕು

ಕ್ಯಾಪ್ಶನ್ ಬಿಚ್ಚಿ ಓದದವರು ಯಾವಾಗಲೂ ಇರುತ್ತಾರೆ. ಹಾಗಾಗಿ ತಪ್ಪಿಹೋದರೆ ತೊಂದರೆಯಾಗುವಂಥ ವಿಷಯವನ್ನು ಕ್ಯಾಪ್ಶನ್‌ಗೆ ಮಾತ್ರ ಬಿಡಬಾರದು. ಚಿಕ್ಕಮ್ಮ ಆಮೇಲೆ ಶೇಂಗಾ ಚಟ್ನಿಪುಡಿ ಮಾರಲು ಶುರು ಮಾಡಿದರು. ಶೇಂಗಾ ಒಗ್ಗದವರಿಗೆ ಅದು ಹುಡುಗಾಟದ ಮಾತಲ್ಲ. ಆ ವಿಷಯ ಬಾಯಲ್ಲೂ ಬರಬೇಕು, ತೆರೆಯ ಮೇಲೂ ಬರಬೇಕು, ಕ್ಯಾಪ್ಶನ್‌ನಲ್ಲೂ ಇರಬೇಕು. ಮೇಳದ ದಿನಾಂಕ, ಆರ್ಡರ್ ಕೊನೆಯಾಗುವ ದಿನ, ಫೋನ್ ನಂಬರ್ ಇವೂ ಹಾಗೇ. ಕೇಳಿದ ನಂಬರ್ ನೆನಪಿರುವುದಿಲ್ಲ, ಬರೆದದ್ದನ್ನು ನೋಡಿಕೊಳ್ಳಬಹುದು. ಅಂದಹಾಗೆ ಇನ್‌ಸ್ಟಾಗ್ರಾಂ ಕ್ಯಾಪ್ಶನ್‌ನಲ್ಲಿ ಲಿಂಕ್ ಹಾಕಿದರೆ ಸಾಮಾನ್ಯವಾಗಿ ಒತ್ತಿ ಹೋಗಲು ಆಗುವುದಿಲ್ಲ. ಅದು ಬರೀ ಅಕ್ಷರವಾಗಿ ಬಿದ್ದಿರುತ್ತದೆ. ಲಿಂಕ್ ಅನ್ನು ಪ್ರೊಫೈಲ್‌ನಲ್ಲಿ ಇಟ್ಟು, ಅಲ್ಲಿದೆ ಅಂತ ಇಲ್ಲಿ ಹೇಳಬೇಕು.

ದುಡ್ಡು ತಗೊಂಡು ಯಾರದೋ ಮಸಾಲೆ ಹೊಗಳುವ ರೀಲ್ ಆದರೆ ನಿಯಮವೇ ಇದೆ. ನಮ್ಮ ದೇಶದ ಜಾಹೀರಾತು ಮಾನದಂಡ ಮಂಡಳಿಯಾದ ಆಸ್ಕಿ, ಇನ್‌ಫ್ಲುಯೆನ್ಸರ್‌ಗಳಿಗೆ 2021ರಲ್ಲಿ ಮಾರ್ಗಸೂಚಿ ಕೊಟ್ಟಿತು. ಇದು ಜಾಹೀರಾತು ಅನ್ನುವುದು ನೋಡುವವರಿಗೆ ತಟ್ಟನೆ ಕಾಣಬೇಕು, more ಒತ್ತಿದ ಮೇಲೆ ಸಿಗುವ ಹಾಗೆ ಅಥವಾ ಹ್ಯಾಶ್‌ಟ್ಯಾಗ್‌ಗಳ ನಡುವೆ ಅಡಗಿಸಬಾರದು ಅನ್ನುವುದು ಅದರ ಸಾರ. ಇಲ್ಲಿ ಕ್ಯಾಪ್ಶನ್‌ನ ಕೊನೆಯ ಸಾಲು ಲೆಕ್ಕಕ್ಕಿಲ್ಲ.

## ಸರಿಯಾಗಿದೆಯಾ ಅಂತ ನೋಡುವುದು ಹೇಗೆ?

ನಾನು ಮಾಡುವುದು ಇಷ್ಟೇ. ಕ್ಯಾಪ್ಶನ್ ಅನ್ನು ಮನೆಯಲ್ಲಿ ಒಬ್ಬರಿಗೆ ಕೊಟ್ಟು, ವಿಡಿಯೋ ತೋರಿಸದೆ ಓದಿಸುತ್ತೇನೆ. ಓದಿ ಮುಗಿದ ಮೇಲೆ ಅವರಿಗೆ ವಿಡಿಯೋ ನೋಡಬೇಕು ಅನಿಸಬೇಕು. ಇನ್ನೊಬ್ಬರಿಗೆ ವಿಡಿಯೋ ಮಾತ್ರ ತೋರಿಸುತ್ತೇನೆ. ಅವರು ಕೇಳುವ ಮೊದಲ ಪ್ರಶ್ನೆಗೆ ಕ್ಯಾಪ್ಶನ್‌ನಲ್ಲಿ ಉತ್ತರ ಇರಬೇಕು. ಮೊದಲನೆಯವರು "ಎಲ್ಲ ಗೊತ್ತಾಯ್ತು ಬಿಡು" ಅಂದರೆ ಬರಹ ವಿಡಿಯೋದ ಕೆಲಸ ಮಾಡುತ್ತಿದೆ. ಎರಡನೆಯವರ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಬರಹ ತನ್ನ ಕೆಲಸವನ್ನೇ ಮಾಡುತ್ತಿಲ್ಲ.

ಹಾಕಿದ ಮೇಲೆ ಕಾಮೆಂಟುಗಳೇ ಹೇಳುತ್ತವೆ. ಒಂದೇ ಪ್ರಶ್ನೆ ಮೂರು ಸಲ ಬಂದರೆ ಅದರ ಉತ್ತರ ಕ್ಯಾಪ್ಶನ್‌ನಲ್ಲಿ ಇಲ್ಲ ಅಥವಾ ತೀರಾ ಕೆಳಗೆ ಹೂತುಹೋಗಿದೆ ಅಂತ ಅರ್ಥ. ತಿದ್ದಲು ಹೇಗೂ ಬರುತ್ತದೆ. ಎಷ್ಟು ಜನ ರೀಲ್ ಅನ್ನು ಸೇವ್ ಮಾಡಿದ್ದಾರೆ ಅನ್ನುವುದನ್ನೂ ನೋಡಬಹುದು. ಮತ್ತೆ ಬರಬೇಕು ಅಂದುಕೊಂಡವರು ತಾನೆ ಸೇವ್ ಮಾಡುವುದು.

ಚಿಕ್ಕಮ್ಮನ ರೀಲ್ ಕೆಳಗೆ ಅಳತೆ ಕೇಳುವವರು ಈಗ ಅಪರೂಪ. ಬೆಳ್ಳುಳ್ಳಿ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಮೊನ್ನೆ ಕಹಿ ಪುಡಿಯ ಅಕ್ಕ ಮತ್ತೆ ಬಂದು ಬರೆದಿದ್ದರು: "ಟೀ ಚಮಚದಲ್ಲಿ ಹಾಕಿದೆ. ಈಗ ಸರಿಯಾಯ್ತು. ಹುಳಿಪುಡಿ ಯಾವಾಗ ಹಾಕ್ತೀರಾ?"